ಇನ್ನೂರು ಪದ, ಒಂದು ತಿರುವು: ‘ತಂಬ್’ ಕತೆಯ ಕರಡುಗಳು

ಇನ್ನೂರು ಪದದೊಳಗೆ ಕತೆ ಬರೆಯಿರಿ, ಕೊನೆಯಲ್ಲಿ ಒಂದು ತಿರುವು ಇರಲಿ ಅಂತ ಕೇಳಿದರೆ ಎಂಥ ಕತೆಗಳು ಬರುತ್ತವೆ ಅನ್ನೋದು ಇಂಥವನ್ನು ಓದುವವರಿಗೆಲ್ಲ ಗೊತ್ತು. ಕೊನೆಯ ಸಾಲಿನಲ್ಲಿ ಎಚ್ಚರವಾಗಿ, ಅಷ್ಟೂ ಕನಸು ಅಂತಾಗುತ್ತದೆ. ಇಲ್ಲವೇ ಮಾತಾಡುತ್ತಿದ್ದವನು ಹೋದ ವರ್ಷವೇ ಸತ್ತಿರುತ್ತಾನೆ. ಇಲ್ಲವೇ ಬಾಗಿಲಲ್ಲಿ ಕಾಯುತ್ತಿದ್ದದ್ದು ಹೆಂಡತಿಯಲ್ಲ, ಸಾಕುನಾಯಿ. ಓದಿ ಒಂದು ಸಲ ‘ಅರೆ’ ಅನ್ನುತ್ತೇವೆ. ಎರಡನೇ ಸಲ ಓದುವುದಿಲ್ಲ.

ಎರಡನೇ ಸಲ ಓದಿಸಿಕೊಂಡ ಒಂದು ಕತೆಯ ಪ್ರಕರಣ ಇದು. ಬರೆದವರು ಹಳ್ಳಿಯೊಂದರ ಪ್ರೈಮರಿ ಶಾಲೆಯ ಮೇಡಂ. ನನ್ನ ಹೆಸರು ಬೇಡ, ಕತೆ ಮತ್ತು ಕರಡುಗಳನ್ನು ಬೇಕಾದರೆ ಹಾಕಿಕೊಳ್ಳಿ ಅಂದಿದ್ದಾರೆ. ಪರಿಚಯದವರ ಕತೆಗಳ ಕರಡು ಓದಿ ಅಭಿಪ್ರಾಯ ಹೇಳುವುದು ನನ್ನ ಹಳೇ ಹವ್ಯಾಸ. ಹಾಗೆ ಇದು ನನ್ನ ಕೈಗೆ ಬಂತು. ಮೊದಲ ಕರಡಿನಲ್ಲೇ ತಿರುವು ಗಟ್ಟಿಯಾಗಿತ್ತು, ಆದರೆ ಕತೆ ಕೆಟ್ಟಿತ್ತು. ತಿರುವನ್ನು ಹಾಗೇ ಇಟ್ಟುಕೊಂಡು ಕತೆಯನ್ನು ನೆಟ್ಟಗೆ ಮಾಡಿದ್ದು ಹೇಗೆ ಅನ್ನೋದನ್ನು ಹೇಳುತ್ತೇನೆ.

ವಸ್ತು ಇಷ್ಟು. ಹಳ್ಳಿಯಲ್ಲಿ ಒಬ್ಬಳು ಅಜ್ಜಿ. ರೇಷನ್ ಕೊಡುವ ಸೊಸೈಟಿಯಲ್ಲಿ ಅವಳ ಹೆಬ್ಬೆಟ್ಟು ಮಿಷನ್ನಿಗೆ ಹಿಡಿಯುವುದಿಲ್ಲ. ದುಡಿದು ದುಡಿದು ಬೆರಳಿನ ಗೆರೆ ಸವೆದಿದೆ ಅಂತ ಎಲ್ಲರೂ ಮರುಗುತ್ತಾರೆ. ನಿಜ ಏನೆಂದರೆ, ರಾತ್ರಿ ಹೊತ್ತು ಒಗೆಯೋ ಕಲ್ಲಿಗೆ ಬೆರಳು ಉಜ್ಜಿ ಅವಳೇ ಗೆರೆ ಅಳಿಸಿಕೊಳ್ಳುತ್ತಿದ್ದಾಳೆ. ಮಗ ಹೊಲ ಮಾರಲು ಹೊರಟಿದ್ದಾನೆ, ಪತ್ರಕ್ಕೆ ಅವಳ ಹೆಬ್ಬೆಟ್ಟು ಬೇಕು. ಮಗನ ಮುಖ ನೋಡಿ ಬೇಡ ಅನ್ನುವ ಧೈರ್ಯ ಅವಳಿಗಿಲ್ಲ.

ಮೊದಲೇ ಗುಟ್ಟು ಹೇಳಿಬಿಟ್ಟೆ ಅಂತ ಬೇಸರ ಬೇಡ. ಗುಟ್ಟು ಗೊತ್ತಿದ್ದೂ ಕತೆ ಓದಿಸಿಕೊಳ್ಳುತ್ತಾ ಅನ್ನೋದೇ ಇಂಥ ಕತೆಗೆ ಸರಿಯಾದ ಪರೀಕ್ಷೆ.

ಮೊದಲ ಕರಡು ಶುರುವಾಗಿದ್ದು ಹೀಗೆ:

> ಗೌರಮ್ಮನಿಗೆ ಬೆಳಗಿನಿಂದ ಒಂದೇ ಚಿಂತೆ. ಈ ತಿಂಗಳಾದರೂ ತನ್ನ ಬೆರಳು ಮಿಷನ್ನಿಗೆ ಹಿಡಿಯುತ್ತದೋ ಇಲ್ಲವೋ. ಮನೆಯಲ್ಲಿ ಅಕ್ಕಿ ಮುಗಿದಿತ್ತು. ದೇವರೇ, ಇದೊಂದು ಸಲ ಕಾಪಾಡಪ್ಪ ಎಂದು ಮನಸ್ಸಿನಲ್ಲೇ ಕೈಮುಗಿದು ಸಾಲಿನಲ್ಲಿ ನಿಂತಳು.

ಮುಗಿದದ್ದು ಹೀಗೆ:

> ಸಾಲಿನಲ್ಲಿದ್ದ ಯಾರಿಗೂ ಆ ಗುಟ್ಟು ಗೊತ್ತಿರಲಿಲ್ಲ. ಗೌರಮ್ಮನ ಬೆರಳು ಸವೆದಿದ್ದು ದುಡಿಮೆಯಿಂದ ಅಲ್ಲ! ಮಗ ತನ್ನ ಜಮೀನು ಮಾರಬಾರದೆಂದು ಅವಳೇ ದಿನಾ ರಾತ್ರಿ ಬೆರಳನ್ನು ಕಲ್ಲಿಗೆ ಉಜ್ಜಿ ಗೆರೆ ಅಳಿಸಿಕೊಂಡಿದ್ದಳು!!

ಎರಡೆರಡು ಆಶ್ಚರ್ಯಸೂಚಕ ಹಾಕಿದ ಕಡೆ ಸಾಮಾನ್ಯವಾಗಿ ಓದುಗನಿಗೆ ಆಶ್ಚರ್ಯ ಆಗಿರುವುದಿಲ್ಲ. ಆದರೆ ಅದು ಸಣ್ಣ ತೊಂದರೆ, ಅಳಿಸಿದರೆ ಹೋಯಿತು. ದೊಡ್ಡ ತೊಂದರೆ ಇರುವುದು ಮೊದಲ ಪ್ಯಾರಾದಲ್ಲಿ.

ಕೊನೆಯ ಸಾಲು ಓದಿದ ಮೇಲೆ ಮತ್ತೆ ಮೊದಲಿಗೆ ಹೋಗಿ ನೋಡಿ. ಬೆರಳು ಹಿಡಿಯಲಪ್ಪ ಅಂತ ಗೌರಮ್ಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿಯುತ್ತಿದ್ದಾಳೆ. ಹಿಡಿಯದಿರಲಿ ಅಂತ ರಾತ್ರಿಯೆಲ್ಲ ಬೆರಳು ಉಜ್ಜಿದವಳು ಅವಳೇ. ಹಾಗಾದರೆ ಆ ಪ್ರಾರ್ಥನೆ ಏನು? ಸಾಲಿನಲ್ಲಿದ್ದವರ ಮುಂದೆ ನಾಟಕ ಆಡಿದ್ದರೆ ಒಪ್ಪಬಹುದಿತ್ತು. ಇದು ಅವಳ ತಲೆಯೊಳಗಿನ ಮಾತು. ತನ್ನೊಳಗೇ ಯಾರೂ ನಾಟಕ ಆಡುವುದಿಲ್ಲ. ಅಂದರೆ ಇಲ್ಲಿ ಸುಳ್ಳು ಹೇಳಿದ್ದು ಗೌರಮ್ಮನಲ್ಲ, ಕತೆ ಬರೆದವರು. ಓದುಗ ಇದನ್ನು ಬಾಯಿಬಿಟ್ಟು ಹೇಳದೇ ಇರಬಹುದು, ಆದರೆ ಮೋಸ ಹೋದ ಭಾವ ಅವನಲ್ಲಿ ಉಳಿಯುತ್ತದೆ.

ಬಚ್ಚಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ. ತಿರುವಿನ ಕತೆಯಲ್ಲಿ ಬಚ್ಚಿಡಲೇಬೇಕು. ಆದರೆ ಕತೆ ಮುಗಿದ ಮೇಲೆ ಹಿಂದಿರುಗಿ ನೋಡಿದರೆ ಒಂದೊಂದು ವಾಕ್ಯವೂ ನಿಜವಾಗಿಯೇ ಇರಬೇಕು. ನಾನು ಕರಡು ನೋಡುವಾಗ ಮಾಡುವ ಮೊದಲ ಕೆಲಸವೇ ಇದು: ಕೊನೆ ಗೊತ್ತಾದ ಮೇಲೆ ಮೊದಲಿನಿಂದ ಓದುತ್ತಾ, ಯಾವ ವಾಕ್ಯ ಈಗ ಸುಳ್ಳಾಗಿದೆಯೋ ಅದರ ಕೆಳಗೆ ಗೆರೆ ಎಳೆಯುವುದು. ಮೇಡಂ ಅವರ ಕರಡಿನಲ್ಲಿ ಅರ್ಧದಷ್ಟು ಸಾಲುಗಳಿಗೆ ಗೆರೆ ಬಿತ್ತು.

ಇದು ಹೊಸ ಮಾತೇನೂ ಅಲ್ಲ. ಅರಿಸ್ಟಾಟಲ್ ತನ್ನ ‘ಪೊಯೆಟಿಕ್ಸ್’ನಲ್ಲಿ ಒಂದು ಸೊಗಸಾದ ಉದಾಹರಣೆ ಕೊಡುತ್ತಾನೆ. ಆರ್ಗೋಸ್ ಎಂಬ ಊರಿನಲ್ಲಿ ಮಿಟಿಸ್ ಅನ್ನುವವನ ಪ್ರತಿಮೆ ಇತ್ತು. ಅವನನ್ನು ಕೊಂದವನು ಅದನ್ನು ನೋಡುತ್ತಾ ನಿಂತಿದ್ದಾಗ ಪ್ರತಿಮೆ ಅವನ ಮೇಲೇ ಬಿದ್ದು ಅವನು ಸತ್ತ. ಬೇರೆ ಯಾರ ಮೇಲಾದರೂ ಬಿದ್ದಿದ್ದರೆ ಅದು ಬರೀ ಅಪಘಾತ. ಕೊಂದವನ ಮೇಲೇ ಬಿದ್ದದ್ದರಿಂದ ಅದು ಕತೆ ಆಯಿತು. ಎದುರು ನೋಡದೇ ಇದ್ದದ್ದು ಆಗಬೇಕು, ಆದರೆ ಹಿಂದೆ ನಡೆದದ್ದರಿಂದಲೇ ಹುಟ್ಟಿದೆ ಅನ್ನಿಸಬೇಕು. ಕನಸಿನಿಂದ ಎಚ್ಚರವಾಗುವ ಕತೆಗಳು ಸೋಲುವುದು ಇಲ್ಲೇ. ಅವುಗಳಲ್ಲಿ ಅಚ್ಚರಿ ಇದೆ, ಆದರೆ ಹಿಂದಿನ ಯಾವುದೂ ಅದನ್ನು ಹುಟ್ಟಿಸಿಲ್ಲ.

ಹಾಗಾದರೆ ಗೌರಮ್ಮನ ತಲೆಯೊಳಗೆ ಇರಬಾರದು. ಮತ್ತೆ ಯಾರ ಕಣ್ಣಿನಿಂದ ಕತೆ ಹೇಳಬೇಕು?

ಮೇಡಂ ಮೊದಲು ಸೊಸೈಟಿಯಲ್ಲಿ ಕೂರುವ ಹುಡುಗನಿಂದ ಹೇಳಿಸಿ ನೋಡಿದರು. ಅವನಿಗೆ ಗುಟ್ಟು ಗೊತ್ತಿಲ್ಲ, ಹಾಗಾಗಿ ಸುಳ್ಳಿನ ಸಮಸ್ಯೆ ಇಲ್ಲ. ಆದರೆ ಅವನು ಅಜ್ಜಿಯ ಹಿತ್ತಿಲಿಗೆ ರಾತ್ರಿ ಯಾಕೆ ಹೋಗುತ್ತಾನೆ? ಅವನನ್ನು ಅಲ್ಲಿಗೆ ತಲುಪಿಸಲು ಒಂದು ನೆಪ ಬೇಕು, ಆ ನೆಪಕ್ಕೇ ಮೂವತ್ತು ನಲವತ್ತು ಪದ. ಮಗನ ಕಣ್ಣಿನಿಂದ ಹೇಳಿಸಿದರೆ ಕೊನೆಯಲ್ಲಿ ಸಿಟ್ಟೋ ಪಶ್ಚಾತ್ತಾಪವೋ ತೋರಿಸಬೇಕಾಗುತ್ತದೆ. ತಿರುವಿನ ಜೊತೆಗೆ ಅದನ್ನೂ ಹೊರುವ ಶಕ್ತಿ ಇನ್ನೂರು ಪದಕ್ಕಿಲ್ಲ.

ಉಳಿದದ್ದು ಮೊಮ್ಮಗು. ಅಜ್ಜಿಯ ಪಕ್ಕದಲ್ಲೇ ಮಲಗುತ್ತದೆ, ರಾತ್ರಿ ಎಚ್ಚರವಾಗಲು ಕಾರಣ ಹುಡುಕಬೇಕಿಲ್ಲ. ಸೊಸೈಟಿಗೂ ಜೊತೆಗೆ ಬರುತ್ತದೆ. ಎಲ್ಲವನ್ನೂ ನೋಡುತ್ತದೆ, ಆದರೆ ನೋಡಿದ್ದರ ಅರ್ಥ ಆಗಿರುವುದಿಲ್ಲ. ಹೇಳದೇ ಬಿಟ್ಟದ್ದು ಮಗುವಿಗೆ ಗೊತ್ತಿಲ್ಲದ್ದು ಮಾತ್ರ, ಆದ್ದರಿಂದ ಇಲ್ಲಿ ಬಚ್ಚಿಟ್ಟರೂ ಮೋಸ ಇಲ್ಲ.

ಇನ್ನೊಂದು ಅನುಕೂಲವೂ ಇತ್ತು. ಕನ್ನಡದಲ್ಲಿ ಕ್ರಿಯಾಪದದ ಬಾಲ ನೋಡಿದರೆ ಗಂಡೋ ಹೆಣ್ಣೋ ಪ್ರಾಣಿಯೋ ತಿಳಿದುಬಿಡುತ್ತದೆ. ‘ಬಂದ’, ‘ಬಂದಳು’, ‘ಬಂತು’. ಹಾಗಾಗಿ ‘ಅವನು ಯಾರು’ ಅನ್ನುವುದರ ಮೇಲೆ ನಿಂತ ತಿರುವು ನಮ್ಮಲ್ಲಿ ಬಲು ಕಷ್ಟ. ಸಾಕುನಾಯಿಯ ಕತೆ ಬರೆಯುವವರು ‘ಕಾಯುತ್ತಿದ್ದಳು’ ಅಂತ ಬರೆದು ತಪ್ಪಿಸಿಕೊಳ್ಳುತ್ತಾರೆ, ಇಲ್ಲವೇ ‘ಅವರು’ ಅನ್ನುವ ಬಹುವಚನದ ಹಿಂದೆ ಅವಿತುಕೊಳ್ಳುತ್ತಾರೆ. ಎರಡೂ ಕಣ್ಣಿಗೆ ಹೊಡೆಯುತ್ತವೆ. ‘ನಾನು’ ಅಂತ ಹೇಳುವವರಿಗೆ ಈ ಕಾಟ ಇಲ್ಲ. ಮೇಲಾಗಿ ಈ ಕತೆಯ ತಿರುವು ‘ಯಾರು’ ಅನ್ನುವುದರಲ್ಲಿ ಇಲ್ಲವೇ ಇಲ್ಲ, ‘ಏನು ಮಾಡುತ್ತಿದ್ದಾಳೆ’ ಅನ್ನುವುದರಲ್ಲಿದೆ. ಕ್ರಿಯೆ ನಮ್ಮಲ್ಲಿ ವಾಕ್ಯದ ಕೊನೆಗೇ ಬರುವುದರಿಂದ ಇಂಥ ತಿರುವಿಗೆ ಕನ್ನಡ ಹೇಳಿ ಮಾಡಿಸಿದ ಭಾಷೆ. ಅಜ್ಜಿ, ಕಲ್ಲು, ಬೆರಳು ಎಲ್ಲ ಬಂದ ಮೇಲೆ ಕಟ್ಟಕಡೆಗೆ ‘ಉಜ್ಜುತ್ತಿದ್ದಳು’ ಬರುತ್ತದೆ. ಅದಕ್ಕಾಗಿ ಏನೂ ಸರ್ಕಸ್ ಮಾಡಬೇಕಿಲ್ಲ.

ಎರಡನೇ ಕರಡು ಮೊಮ್ಮಗುವಿನ ಬಾಯಲ್ಲಿ ಬಂತು. ಸುಳ್ಳು ಸಾಲುಗಳೆಲ್ಲ ಹೋಗಿದ್ದವು. ಕೊನೆಯ ವಿವರಣೆಯೂ ಹೋಗಿತ್ತು. ಆದರೆ ಅದನ್ನು ಓದಿದ ಒಬ್ಬರು ಒಂದು ತಕರಾರು ತೆಗೆದರು. ಅವರಿಗೆ ಸೊಸೈಟಿಯ ಕೆಲಸ ಚೆನ್ನಾಗಿ ಗೊತ್ತು. “ಹೆಬ್ಬೆಟ್ಟು ಹಿಡೀದಿದ್ರೆ ಸುಮ್ನೆ ವಾಪಸ್ ಕಳಿಸ್ತಾರಾ? ಬೇರೆ ಬೆರಳು ಇಡಿಸ್ತಾರೆ. ಆಧಾರ್‌ನಲ್ಲಿ ಹತ್ತೂ ಬೆರಳು ತಗೊಂಡಿರ್ತಾರೆ. ಅದೂ ಅಲ್ಲದೆ ಕಾರ್ಡಿನಲ್ಲಿರೋ ಬೇರೆಯವರು ಕೊಟ್ರೂ ಆಗುತ್ತೆ.”

ಮಾತು ನಿಜ. ಊರಲ್ಲಿ ಎಲ್ಲರೂ ‘ತಂಬ್’ ಅಂದರೂ ಮಿಷನ್ನಿಗೆ ಹೆಬ್ಬೆಟ್ಟೇ ಆಗಬೇಕೆಂದಿಲ್ಲ. ಹಾಗಾದರೆ ಕತೆಯ ಬುಡವೇ ಅಲ್ಲಾಡಿತಲ್ಲ. ಮೇಡಂ ಬೇಸರದಿಂದ ಕತೆ ಬಿಟ್ಟುಬಿಡುತ್ತೇನೆ ಅಂದರು. ಕಾರ್ಡಿನ ತೊಡಕು ಸುಲಭದ್ದು, ಆ ಕಾರ್ಡಿನಲ್ಲಿ ಅಜ್ಜಿಯ ಹೆಸರು ಒಂದೇ ಇದೆ ಅಂತ ಒಂದು ವಾಕ್ಯ ಸೇರಿಸಿದರೆ ಸಾಕು. ಹತ್ತು ಬೆರಳಿನ ತೊಡಕು ಹಾಗಲ್ಲ. ಹತ್ತೂ ಬೆರಳು ಉಜ್ಜಿಕೊಂಡಿದ್ದಳು ಅಂದರೆ ನಂಬಲು ಕಷ್ಟ. ಹೆಬ್ಬೆಟ್ಟು ಮಾತ್ರ ಅಂದರೆ ಮಿಷನ್ನು ಬೇರೆ ಬೆರಳಿಗೆ ಹಿಡಿದುಬಿಡುತ್ತದೆ.

ಹಿಡಿದರೆ ಹಿಡಿಯಲಿ ಅಂತ ಬಿಟ್ಟಾಗ ಕತೆಗೆ ಜೀವ ಬಂತು. ಒಂದು ಬೆರಳು ಉಳಿದುಬಿಟ್ಟಿದೆ. ಅಜ್ಜಿಯ ಲೆಕ್ಕದಲ್ಲಿ ಕಿರುಬೆರಳು ಬೆರಳೇ ಅಲ್ಲ, ಅದನ್ನು ಯಾರು ಕೇಳುತ್ತಾರೆ ಅಂತ ಬಿಟ್ಟಿದ್ದಾಳೆ. ಸೊಸೈಟಿಯಲ್ಲಿ ಕೊನೆಗೆ ಅದೇ ಹಿಡಿಯುತ್ತದೆ. ಎಲ್ಲರಿಗೂ ಖುಷಿ, ಅಕ್ಕಿ ಸಿಕ್ಕಿತು. ಓದುಗನಿಗೂ ಖುಷಿ. ಅಜ್ಜಿಗೆ ಮಾತ್ರ ಆ ಕ್ಷಣ ಸೋಲಿನದು. ಅವಳ ಪಾಲಿನ ಸೋಲನ್ನು ನಾವು ಗೆಲುವು ಅಂದುಕೊಂಡು ಓದಿರುತ್ತೇವೆ.

ಮೊದಲ ಕರಡಿನ ತಿರುವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮೊದಲಿನದು ಬರೀ ಒಂದು ಸುದ್ದಿ: ನಿಮಗೆ ಗೊತ್ತಿಲ್ಲದ್ದು ಹೀಗಿತ್ತು ಅನ್ನುತ್ತದೆ. ಈಗಿನದು ನಾವಾಗಲೇ ಓದಿ ಮುಗಿಸಿದ ಒಂದು ಘಟನೆಯನ್ನು ಮಗುಚಿ ಹಾಕುತ್ತದೆ. ಇಷ್ಟಾದ ಮೇಲೆ ಅಜ್ಜಿ ರಾತ್ರಿ ಎದ್ದು ಹೋಗಲೇಬೇಕು, ಯಾಕೆಂದರೆ ಕೆಲಸ ಬಾಕಿ ಇದೆ. ಮೊದಲ ಕರಡಿನಲ್ಲಿ ಅವಳು ಉಜ್ಜುವುದು ಯಾವತ್ತೋ ನಡೆದುಹೋದ ವಿಷಯ. ಈಗ ಅದು ನಮ್ಮ ಕಣ್ಣೆದುರು ನಡೆಯುತ್ತದೆ. ಮಿಷನ್ನಿನ ಬಗ್ಗೆ ತಕರಾರು ಬರದೇ ಇದ್ದಿದ್ದರೆ ಈ ಕಿರುಬೆರಳು ಸಿಗುತ್ತಲೇ ಇರಲಿಲ್ಲ.

ಪದಗಳ ಲೆಕ್ಕದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಇನ್ನೂರು ಪದ ಅಂದರೆ ಕಡಿಮೆ ಜಾಗವಲ್ಲ. ‘ಬರದಿದ್ದರೆ’ ಅನ್ನುವ ಒಂದೇ ಪದದಲ್ಲಿ ನಾವು ಹೇಳುವಷ್ಟನ್ನು ಹೇಳಲು ಇಂಗ್ಲಿಷಿಗೆ ನಾಲ್ಕೈದು ಪದ ಬೇಕು. ಕೆಲವರು ಇದನ್ನೇ ಹಿಡಿದುಕೊಂಡು ನಾಲ್ಕು ಪದ ಒಟ್ಟಿಗೆ ಅಂಟಿಸಿ ಲೆಕ್ಕ ಉಳಿಸುತ್ತಾರೆ. ಓದುವಾಗ ನಾಲಗೆ ತೊಡರುತ್ತದೆ, ಅಷ್ಟೇ ಲಾಭ. ನಿಜವಾಗಿ ಉಳಿತಾಯ ಆಗುವುದು ಹಿನ್ನೆಲೆಯಲ್ಲಿ. ಮೇಡಂ ಅವರ ಎರಡನೇ ಕರಡಿನಲ್ಲಿ ಮಗನ ಸಾಲ, ಬ್ರೋಕರ್ ಬಂದು ಹೋದದ್ದು, ತಾತ ಹೊಲ ಕೊಂಡ ಕತೆ ಎಲ್ಲ ಸೇರಿ ಸುಮಾರು ಅರವತ್ತು ಪದ ಇತ್ತು. ಅಷ್ಟನ್ನೂ ತೆಗೆದು ಅಪ್ಪನ ಬಾಯಲ್ಲಿ ‘ಸೋಮವಾರ ರಿಜಿಸ್ಟ್ರಿ’ ಅನ್ನಿಸಿ, ಹೊಲದಲ್ಲಿ ಸುಣ್ಣದ ಗೆರೆ ಎಳೆಸಿದರು. ನಮ್ಮ ಊರುಗಳ ಅಂಚಿನಲ್ಲಿ ಹೊಲ ಸೈಟಾಗುವುದನ್ನು ನೋಡಿದವರಿಗೆ ಅಷ್ಟು ಸಾಕಲ್ವಾ? ಗೌರಮ್ಮ ಅನ್ನುವ ಹೆಸರೂ ಹೋಯಿತು. ಮೊಮ್ಮಗುವಿಗೆ ಅವಳು ಅಜ್ಜಿ, ಅಷ್ಟೇ.

ಕೊನೆಯ ಕರಡು ಇದು.

ತಂಬ್

ಸೊಸೈಟಿ ಹುಡುಗ ಅಜ್ಜಿಯ ಹೆಬ್ಬೆಟ್ಟನ್ನು ಮೂರು ಸಲ ಮಿಷನ್ ಮೇಲೆ ಒತ್ತಿದ.

“ತಂಬ್ ಹಿಡೀತಿಲ್ಲ ಅಜ್ಜಿ. ತಂಬ್ ಇಲ್ಲ ಅಂದ್ರೆ ಅಕ್ಕಿ ಇಲ್ಲ.”

“ಬಿಡಪ್ಪ, ಮುಂದಿನ ತಿಂಗಳು ನೋಡೋಣ,” ಅಂದಳು ಅಜ್ಜಿ.

ಅಪ್ಪ ಬಿಡಲಿಲ್ಲ. ಕಾರ್ಡಿನಲ್ಲಿ ಇದ್ದದ್ದು ಅಜ್ಜಿಯ ಹೆಸರು ಒಂದೇ, ಬೇರೆ ಯಾರ ಬೆರಳೂ ನಡೆಯುತ್ತಿರಲಿಲ್ಲ. ತಾನೇ ಅವಳ ಕೈ ಹಿಡಿದು ಒಂದೊಂದೇ ಬೆರಳು ಇಡಿಸಿದ. ತೋರುಬೆರಳು ಹಿಡಿಯಲಿಲ್ಲ. ನಡುಬೆರಳು ಹಿಡಿಯಲಿಲ್ಲ. ಸಾಲಿನಲ್ಲಿದ್ದವರು ಲೊಚಗುಟ್ಟಿದರು. “ಅರವತ್ತು ವರ್ಷ ಕಳೆ ಕಿತ್ತ ಕೈ. ಗೆರೆ ಎಲ್ಲುಳಿಯುತ್ತೆ?”

ಕೊನೆಗೆ ಎಡಗೈ ಕಿರುಬೆರಳು ಇಟ್ಟಾಗ ಮಿಷನ್ನಿಂದ ಚೀಟಿ ಬಂತು. ಅಪ್ಪ ಚಪ್ಪಾಳೆ ತಟ್ಟಿದ.

“ಸದ್ಯ! ಸೋಮವಾರ ರಿಜಿಸ್ಟ್ರಿಗೂ ಇದೊಂದು ಬೆರಳು ಸಾಕು ಕಣವ್ವ.”

ಅಜ್ಜಿ ಮಾತಾಡಲಿಲ್ಲ. ಅಕ್ಕಿ ಚೀಲ ನಾನೇ ಹೊತ್ತೆ.

ದಾರಿಯಲ್ಲಿ ನಮ್ಮ ಹೊಲ ಸಿಕ್ಕಿತು. ಯಾರೋ ಆಗಲೇ ಸುಣ್ಣದ ಗೆರೆ ಎಳೆದು ಸೈಟು ಗುರುತು ಮಾಡಿದ್ದರು. ಅಜ್ಜಿ ಬದುವಿನ ಮೇಲೆ ಕೂತಳು.

“ಕಾಲು ನೋವಾ ಅಜ್ಜಿ?”

“ಇಲ್ಲ ಮಗ. ಸುಮ್ನೆ.”

ರಾತ್ರಿ ಅಪ್ಪ ಕೊಬ್ಬರಿ ಎಣ್ಣೆ ಬಟ್ಟಲು ಕೊಟ್ಟ. “ಅಜ್ಜಿ ಬೆರಳಿಗೆ ಹಚ್ಚು. ಗೆರೆ ಎದ್ದು ಬರುತ್ತಂತೆ.”

ಒಂದೊಂದಕ್ಕೇ ಹಚ್ಚಿದೆ. ಬೆರಳ ತುದಿಗಳು ನುಣ್ಣಗೆ, ಕೆಂಪಗೆ ಇದ್ದವು. ಮುಟ್ಟಿದರೆ ಅಜ್ಜಿ ಹಲ್ಲು ಕಚ್ಚುತ್ತಿದ್ದಳು.

“ಹಬ್ಬಕ್ಕೆ ಗೋರಂಟಿ ಹಚ್ಚಿದಾಗ ಹಿಂಗಿರಲಿಲ್ಲ ಅಲ್ವಾ ಅಜ್ಜಿ?”

“ವಯಸ್ಸಾಯ್ತು ಮಗ.”

ಕಿರುಬೆರಳಿಗೆ ಮಾತ್ರ ಜಾಸ್ತಿ ಎಣ್ಣೆ ಹಚ್ಚಿದೆ. ಸೋಮವಾರಕ್ಕೆ ಬೇಕಾದ ಬೆರಳು ಅದು.

ನಡುರಾತ್ರಿ ಎಚ್ಚರವಾಯಿತು. ಪಕ್ಕದಲ್ಲಿ ಅಜ್ಜಿ ಇರಲಿಲ್ಲ. ಹಿತ್ತಿಲಲ್ಲಿ ಏನೋ ಕೆರೆಯುವ ಸದ್ದು. ಹೆಗ್ಗಣ ಅಂದುಕೊಂಡೆ. ಎದ್ದು ಹೋಗಿ ಬಲ್ಬು ಹಾಕಿದೆ. ಅಜ್ಜಿ ಒಗೆಯೋ ಕಲ್ಲಿನ ಮುಂದೆ ಕೂತಿದ್ದಳು. ಬಟ್ಟೆ ಇರಲಿಲ್ಲ, ನೀರೂ ಇರಲಿಲ್ಲ. ಬೆಳಕು ಬಿದ್ದರೂ ತಿರುಗಿ ನೋಡಲಿಲ್ಲ. ನಾನು ಹಚ್ಚಿದ್ದ ಎಣ್ಣೆಯನ್ನು ಸೆರಗಿನಿಂದ ಒರೆಸಿ ತೆಗೆದು, ಕಿರುಬೆರಳನ್ನು ಕಲ್ಲಿಗೆ ಒತ್ತಿ ಉಜ್ಜುತ್ತಿದ್ದಳು.

*

ಈಗ ಸುಳಿವುಗಳ ವಿಷಯ. ತಿರುವಿನ ಕತೆಯಲ್ಲಿ ಒಂದೊಂದು ಸುಳಿವಿಗೂ ಎರಡು ಅರ್ಥ ಇರಬೇಕು. ಮೊದಲ ಓದಿಗೆ ಒಂದು, ಎರಡನೇ ಓದಿಗೆ ಇನ್ನೊಂದು. ಮೊದಲ ಅರ್ಥ ಸಹಜವಾಗಿ ಇಲ್ಲದಿದ್ದರೆ ಓದುಗನಿಗೆ ಅನುಮಾನ ಬರುತ್ತದೆ.

“ಬಿಡಪ್ಪ, ಮುಂದಿನ ತಿಂಗಳು ನೋಡೋಣ” ಅನ್ನುವುದನ್ನು ತೆಗೆದುಕೊಳ್ಳಿ. ಮೊದಲ ಸಲ ಓದುವಾಗ ಅದು ಯಾರಿಗೂ ತೊಂದರೆ ಕೊಡಲು ಇಷ್ಟವಿಲ್ಲದ ಬಡ ಅಜ್ಜಿಯ ಮಾತು. ಎರಡನೇ ಸಲ ಓದಿದರೆ ಅವಳು ಅಲ್ಲಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ. ಮಾತು ಅದೇ, ಸುಳ್ಳೂ ಇಲ್ಲ. ‘ಅಜ್ಜಿ ಮಾತಾಡಲಿಲ್ಲ’ ಕೂಡ ಹಾಗೇ. ದಣಿದಿದ್ದಾಳೆ ಅಂದುಕೊಂಡು ದಾಟಿ ಹೋಗುತ್ತೇವೆ.

ತೂಕದ ಸುಳಿವು ಬೆರಳ ತುದಿಯ ಕೆಂಪು. ಅರವತ್ತು ವರ್ಷದ ದುಡಿಮೆಯಿಂದ ಸವೆದ ಬೆರಳು ಗಡುಸಾಗಿ, ಒರಟಾಗಿ, ಬಿರುಕು ಬಿಟ್ಟಿರುತ್ತದೆ. ನುಣ್ಣಗೆ ಕೆಂಪಗಿದ್ದು, ಮುಟ್ಟಿದರೆ ಉರಿಯುವ ಬೆರಳು ಈಚೆಗೆ ಉಜ್ಜಿದ ಬೆರಳು. ಇಂಥ ಮೇಲ್ಮೈ ಸವೆತದಿಂದ ಹೋದ ಗೆರೆಗಳು ಕೆಲವು ವಾರಗಳಲ್ಲಿ ಮತ್ತೆ ಮೂಡಿಬಿಡುತ್ತವೆ. ಹಾಗಾಗಿ ಅಜ್ಜಿ ಇದನ್ನು ಮತ್ತೆ ಮತ್ತೆ ಮಾಡುತ್ತಲೇ ಇರಬೇಕು. ಕತೆ ಇದನ್ನೆಲ್ಲ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಗೊತ್ತಿರುವವರು ಓದಿದಾಗ ಎಲ್ಲೂ ಸುಳ್ಳಾಗಬಾರದು.

ಈ ಸುಳಿವಿನ ಜಾಗ ಹಿಡಿಯಲು ಜಾಸ್ತಿ ಒದ್ದಾಟ ಆಯಿತು. ಹಿಂದಿನ ಕರಡಿನಲ್ಲಿ ಕೆಂಪು ಬೆರಳಿನ ಸಾಲು ಆದ ಕೂಡಲೇ ‘ನಡುರಾತ್ರಿ ಎಚ್ಚರವಾಯಿತು’ ಬರುತ್ತಿತ್ತು. ಕೆಲವರಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದೆವು: ಯಾವ ಸಾಲಿನಲ್ಲಿ ಮೊದಲು ಅನುಮಾನ ಬಂತು? ಚೆನ್ನಾಗಿದೆಯಾ ಅಂತ ಕೇಳಬಾರದು. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೆಚ್ಚಿನವರು ಬೆರಳಿಟ್ಟು ತೋರಿಸಿದ್ದು ಕೆಂಪು ಬೆರಳಿನ ಸಾಲನ್ನೇ. ಅಲ್ಲಿಂದ ಮುಂದೆ ಅವರು ಕತೆ ಓದುತ್ತಿರಲಿಲ್ಲ, ತಮ್ಮ ಊಹೆ ಸರಿಯೋ ತಪ್ಪೋ ಅಂತ ನೋಡುತ್ತಿದ್ದರು.

ಆ ಸಾಲು ತೆಗೆದರೆ ತಿರುವಿಗೆ ಆಧಾರವೇ ಇಲ್ಲ. ಹಾಗಾಗಿ ಅದನ್ನು ಉಳಿಸಿಕೊಂಡು, ಅದಕ್ಕೂ ಕೊನೆಗೂ ನಡುವೆ ಮೇಡಂ ಮೂರು ಸಣ್ಣ ಸಂಗತಿ ಇಟ್ಟರು. ಗೋರಂಟಿಯ ಪ್ರಶ್ನೆ ಮಗುವಿನ ಅನುಮಾನವನ್ನೂ ಓದುಗನ ಅನುಮಾನವನ್ನೂ ಒಟ್ಟಿಗೇ ಬಾಯಿಬಿಟ್ಟು ಹೇಳುತ್ತದೆ. ‘ವಯಸ್ಸಾಯ್ತು ಮಗ’ ಅದಕ್ಕೆ ಉತ್ತರ ಕೊಟ್ಟು ಮುಚ್ಚುತ್ತದೆ. ಕೇಳಿ ಉತ್ತರ ಸಿಕ್ಕಿದ ಪ್ರಶ್ನೆಯನ್ನು ನಾವು ಮತ್ತೆ ಕೆದಕುವುದು ಕಡಿಮೆ. ಆಮೇಲೆ ಕಿರುಬೆರಳಿಗೆ ಎಣ್ಣೆ ಹಚ್ಚುವುದು. ಕತೆಯಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು. ಮಗು ಒಳ್ಳೇದು ಮಾಡುತ್ತಿದ್ದೇನೆ ಅಂದುಕೊಂಡು ಅಜ್ಜಿಯ ಎದುರು ಪಕ್ಷಕ್ಕೆ ಸೇರಿಬಿಟ್ಟಿದೆ, ಅದಕ್ಕೇ ಗೊತ್ತಿಲ್ಲ. ಕೊನೆಯ ವಾಕ್ಯದಲ್ಲಿ ಅಜ್ಜಿ ಒರೆಸಿ ತೆಗೆಯುವುದು ಆ ಎಣ್ಣೆಯನ್ನೇ. ಹೆಗ್ಗಣ ಮಾತ್ರ ಸ್ವಲ್ಪ ಹಳೇ ಉಪಾಯ. ಬೇರೆ ಏನಾದರೂ ಇದ್ದಿದ್ದರೆ ಅನ್ನಿಸುತ್ತದೆ, ಆದರೆ ಎರಡೇ ಪದದಲ್ಲಿ ಕೆಲಸ ಮುಗಿಯುತ್ತದೆ ಅಂತ ಉಳಿಸಿಕೊಂಡೆವು.

ಅದಾದ ಮೇಲೆ ಮತ್ತೆ ಬೇರೆಯವರಿಗೆ ಕೊಟ್ಟು ಅದೇ ಪ್ರಶ್ನೆ ಕೇಳಿದಾಗ ಉತ್ತರಗಳು ಕೆಳಗೆ ಜಾರಿದ್ದವು. ಕೆಲವರು ‘ಕೆರೆಯುವ ಸದ್ದು’ ಅಂದರು, ಕೆಲವರು ‘ಬಟ್ಟೆ ಇರಲಿಲ್ಲ’ ಅಂದರು. ಅಷ್ಟು ಹತ್ತಿರದಲ್ಲಿ ಗೊತ್ತಾದರೆ ನಷ್ಟವಿಲ್ಲ. ಓದುಗ ಒಂದು ಹೆಜ್ಜೆ ಮುಂಚೆ ಊಹಿಸಿದರೆ ಅವನಿಗೆ ಅದು ತನ್ನದೇ ಅನ್ನಿಸುತ್ತದೆ. ಹತ್ತು ಹೆಜ್ಜೆ ಮುಂಚೆ ಗೊತ್ತಾದರೆ ಮಾತ್ರ ಕತೆ ಕೆಟ್ಟಿತು.

ಶೀರ್ಷಿಕೆಯೂ ಬದಲಾಯಿತು. ಮೊದಲು ‘ಸವೆಸಿದ ಬೆರಳು’ ಅಂತಿತ್ತು. ‘ಸವೆದ’ ಅಲ್ಲ, ‘ಸವೆಸಿದ’! ಗುಟ್ಟನ್ನು ಬಾಗಿಲಲ್ಲೇ ತೂಗು ಹಾಕಿದ ಹಾಗೆ. ಆಮೇಲೆ ‘ಕಿರುಬೆರಳು’ ಅಂತ ಇಟ್ಟರು. ಅದೂ ಬೇಡವಾಯಿತು, ಯಾಕೆಂದರೆ ಓದುಗ ಮೊದಲಿನಿಂದಲೇ ಕಿರುಬೆರಳಿಗಾಗಿ ಕಾಯುತ್ತಾನೆ. ‘ತಂಬ್’ ಅನ್ನುವುದು ಓದುಗನ ಗಮನವನ್ನು ಹೆಬ್ಬೆಟ್ಟಿನ ಮೇಲೇ ಇಡುತ್ತದೆ. ಕತೆ ಮುಗಿಯುವುದು ಬೇರೆ ಬೆರಳಿನ ಮೇಲೆ.

ಅಚ್ಚಿನ ರೂಪದಲ್ಲೂ ಒಂದು ಎಚ್ಚರ ಬೇಕು. ಕೊನೆಯ ವಾಕ್ಯವನ್ನು ಪ್ರತ್ಯೇಕ ಪ್ಯಾರಾ ಮಾಡಿ ಒಂಟಿಯಾಗಿ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಇನ್ನೂರು ಪದದ ಕತೆ ಒಂದೇ ಪುಟದಲ್ಲಿ, ಮೊಬೈಲಿನಲ್ಲಾದರೆ ಒಂದೆರಡು ಪರದೆಯಲ್ಲಿ ಮುಗಿಯುತ್ತದೆ. ಒಂಟಿ ಸಾಲು ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗಿ ಬರುತ್ತದೆ. ಅದಕ್ಕೇ ‘ನಡುರಾತ್ರಿ’ಯಿಂದ ಕೊನೆಯವರೆಗೂ ಒಂದೇ ಪ್ಯಾರಾ ಮಾಡಿದ್ದು. ‘ಉಜ್ಜುತ್ತಿದ್ದಳು’ ಆ ಪ್ಯಾರಾದ ಬಾಲದಲ್ಲಿ ಅವಿತಿರುತ್ತದೆ.

ಕತೆಗೆ ಬಂದ ಇನ್ನೊಂದು ಆಕ್ಷೇಪ ಕಾನೂನಿನದು. ಬೆರಳಿನ ಗೆರೆ ಇಲ್ಲ ಅಂದ ಮಾತ್ರಕ್ಕೆ ರಿಜಿಸ್ಟ್ರಿ ನಿಂತುಹೋಗುತ್ತಾ? ಗುರುತು ಹಿಡಿಯಲು ಬೇರೆ ದಾರಿಗಳೂ ಇವೆ, ಆಧಾರ್‌ನಲ್ಲಿ ಕಣ್ಣಿನ ಪಾಪೆಯ ಗುರುತೂ ಇರುತ್ತದೆ. ಇದಕ್ಕೆ ಮೇಡಂ ಒಂದಕ್ಷರವನ್ನೂ ಬದಲಿಸಲಿಲ್ಲ. ಅಜ್ಜಿಗೆ ಕಾನೂನು ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಸೊಸೈಟಿ ಹುಡುಗನ ಮಾತು: ತಂಬ್ ಇಲ್ಲ ಅಂದರೆ ಅಕ್ಕಿ ಇಲ್ಲ. ತಂಬ್ ಇಲ್ಲದಿದ್ದರೆ ಹೊಲದ ಮಾರಾಟವೂ ಇಲ್ಲ ಅಂತ ಅವಳು ಲೆಕ್ಕ ಹಾಕಿದ್ದಾಳೆ. ಅದು ತಪ್ಪು ಲೆಕ್ಕವೇ ಇರಬಹುದು. ಅಪ್ಪನೂ ಅದೇ ಲೆಕ್ಕದಲ್ಲಿ ಇದ್ದಾನಲ್ಲ, ಇಲ್ಲದಿದ್ದರೆ ಒಂದು ಕಿರುಬೆರಳಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರಾ?

ಎಣಿಸಿ ನೋಡಿದರೆ ಕತೆ ನೂರ ಎಂಬತ್ತು ಪದದ ಹತ್ತಿರ ನಿಂತಿತ್ತು. ಉಳಿದ ಇಪ್ಪತ್ತು ಪದದಲ್ಲಿ ಸೋಮವಾರ ಏನಾಯಿತು ಅಂತ ಒಂದು ಸಾಲು ಸೇರಿಸಲೇ ಅಂತ ಮೇಡಂ ಕೇಳಿದರು. ಅಪ್ಪ ಕಚೇರಿಯಿಂದ ಸಪ್ಪೆ ಮುಖ ಹಾಕಿಕೊಂಡು ಬಂದ ಅಂತ ಬರೆದೂ ಇದ್ದರು. ಅಜ್ಜಿ ಗೆದ್ದಳು ಅಂತ ಬರೆದರೆ ಕಾನೂನು ಗೊತ್ತಿದ್ದವರು ನಗುತ್ತಾರೆ, ಸೋತಳು ಅಂತ ಬರೆದರೆ ಕಿರುಬೆರಳು ಉಜ್ಜಿದ್ದು ದಂಡ ಆಗುತ್ತದೆ ಅಂದೆ. ಇಪ್ಪತ್ತೂ ಪದ ಹಾಗೇ ಬಿಟ್ಟರು.